ಮರೆಯಾದ ಸಾಲುಗಳು ಎಲ್ಲಿ ಹೋದವು?

ಮಕ್ಕಳೇ, ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೋಡಿದ್ದೀರಲ್ಲವೇ? ಪುಟದ ಮೇಲ್ಭಾಗದಲ್ಲಿ ತಾರೀಕುಗಳು ಇರುತ್ತವೆ. ಎಡಬದಿಯಲ್ಲಿ ಹೆಸರುಗಳು ಇರುತ್ತವೆ. ಅಧ್ಯಾಪಕರು ಒಂದು ಕೈಯ ಬೆರಳನ್ನು ಹೆಸರಿನ ಮೇಲೂ ಇನ್ನೊಂದು ಬೆರಳನ್ನು ತಾರೀಕಿನ ಮೇಲೂ ಇಟ್ಟು, ಎರಡೂ ಸೇರುವ ಚೌಕದಲ್ಲಿ ಗುರುತು ಹಾಕುತ್ತಾರೆ. ಪುಸ್ತಕದ ಪುಟ ಚಿಕ್ಕದು. ಆದ್ದರಿಂದ ತಾರೀಕೂ ಹೆಸರೂ ಯಾವಾಗಲೂ ಕಣ್ಣಿಗೆ ಕಾಣುತ್ತವೆ.

ಕಂಪ್ಯೂಟರಿನಲ್ಲಿ ಬರೆದ ಉದ್ದನೆಯ ಪಟ್ಟಿ ಹಾಗಲ್ಲ. ಪರದೆಯಲ್ಲಿ ಒಂದೇ ಸಲ ಸುಮಾರು 30 ಸಾಲುಗಳು ಮಾತ್ರ ಕಾಣುತ್ತವೆ. ಪಟ್ಟಿಯನ್ನು ಮೇಲೆ ಸರಿಸಿ ಕೆಳಗಿನ ಸಾಲುಗಳನ್ನು ನೋಡಹೊರಟರೆ ತಲೆಬರಹಗಳು ಮರೆಯಾಗುತ್ತವೆ. ಆಗ ಒಂದು ಚೌಕದಲ್ಲಿರುವ 5 ಎಂಬ ಅಂಕಿ ತರಗತಿಯೋ, ವಯಸ್ಸೋ, ಬಸ್ಸಿನ ನಂಬರೋ ಎಂದು ತಿಳಿಯುವುದಿಲ್ಲ. ಇದಕ್ಕಾಗಿಯೇ ಸ್ಪ್ರೆಡ್‌ಶೀಟಿನಲ್ಲಿ ಕೆಲವು ಸಾಲುಗಳನ್ನು ಅಲುಗಾಡದಂತೆ ನಿಲ್ಲಿಸುವ ಸೌಕರ್ಯವಿದೆ. ಬೇಡವಾದ ಸಾಲುಗಳನ್ನು ಮುಚ್ಚಿಡುವ ಸೌಕರ್ಯವೂ ಇದೆ. ಮೊದಲನೆಯದನ್ನು ಫ್ರೀಜ್ ಮಾಡುವುದು ಎನ್ನುತ್ತಾರೆ. ಎರಡನೆಯದನ್ನು ಹೈಡ್ ಮಾಡುವುದು ಎನ್ನುತ್ತಾರೆ.

ಈ ಎರಡರಿಂದಲೂ ಪಟ್ಟಿಯ ಕೆಲವು ಸಾಲುಗಳು ಕಣ್ಣಿಗೆ ಕಾಣದೆ ಹೋಗಬಹುದು. ಆದರೆ ಕಾಣದಿರುವ ಕಾರಣ ಬೇರೆ ಬೇರೆ. ಆದ್ದರಿಂದ ಅವನ್ನು ಮರಳಿ ತರುವ ದಾರಿಯೂ ಬೇರೆ ಬೇರೆ. ಅದನ್ನು ಈ ಪಾಠದಲ್ಲಿ ತಿಳಿಯೋಣ.

ಪ್ರವಾಸದ ಪಟ್ಟಿ

ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿಂದ 64 ಮಕ್ಕಳು ಬೇಕಲ ಕೋಟೆಗೆ ಅಧ್ಯಯನ ಪ್ರವಾಸ ಹೊರಟಿದ್ದಾರೆ. ಮಕ್ಕಳು ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ ಮತ್ತು ಕುಂಬಳೆಯಲ್ಲಿ ಬಸ್ಸು ಹತ್ತುತ್ತಾರೆ. ಅಧ್ಯಾಪಕರು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಅವರ ಪಟ್ಟಿಯನ್ನು ತಯಾರಿಸಿದ್ದಾರೆ.

ಆ ಪಟ್ಟಿ ಹೀಗಿದೆ. 1ನೆಯ ಅಡ್ಡಸಾಲಿನಲ್ಲಿ ಶಾಲೆಯ ಹೆಸರಿದೆ. 2ನೆಯ ಸಾಲಿನಲ್ಲಿ ಪ್ರವಾಸದ ದಿನಾಂಕವಿದೆ. 3ನೆಯ ಸಾಲಿನಲ್ಲಿ ಬಸ್ಸು ಹೊರಡುವ ಸಮಯವಿದೆ. 4ನೆಯ ಸಾಲಿನಲ್ಲಿ ತಲೆಬರಹಗಳಿವೆ. 5ನೆಯ ಸಾಲಿನಿಂದ 68ನೆಯ ಸಾಲಿನವರೆಗೆ ಮಕ್ಕಳ ವಿವರಗಳಿವೆ. 69ನೆಯ ಸಾಲಿನಲ್ಲಿ ಒಟ್ಟು ಮಕ್ಕಳ ಸಂಖ್ಯೆ ಇದೆ.

ಈಗ ಕಂಬಸಾಲುಗಳನ್ನು ನೋಡೋಣ. A ಯಲ್ಲಿ ಕ್ರಮಸಂಖ್ಯೆ, B ಯಲ್ಲಿ ಹೆಸರು, C ಯಲ್ಲಿ ತರಗತಿ, D ಯಲ್ಲಿ ಹೆತ್ತವರ ಫೋನ್ ನಂಬರ್, E ಯಲ್ಲಿ ಬಸ್ಸು ಹತ್ತುವ ಸ್ಥಳ ಇವೆ.

ಪರದೆಯ ಎಡ ಅಂಚಿನಲ್ಲಿ 1, 2, 3 ಎಂದು ಅಡ್ಡಸಾಲುಗಳ ಸಂಖ್ಯೆಗಳನ್ನು ಕಾಣಬಹುದು. ಮೇಲಿನ ಅಂಚಿನಲ್ಲಿ A, B, C ಎಂದು ಕಂಬಸಾಲುಗಳ ಅಕ್ಷರಗಳನ್ನು ಕಾಣಬಹುದು. ಇವನ್ನು ನಾವು ಬರೆದದ್ದಲ್ಲ, ಕ್ಯಾಲ್ಕ್ ತಾನೇ ಹಾಕಿದ್ದು. ಸಾಲು ಮುಚ್ಚಿಹೋದರೂ ಅದರ ಸಂಖ್ಯೆ ಬೇರೆ ಸಾಲಿಗೆ ಹೋಗುವುದಿಲ್ಲ. ಆದ್ದರಿಂದ ಯಾವ ಸಾಲು ಎಲ್ಲಿ ಹೋಯಿತು ಎಂದು ಹುಡುಕಬೇಕಾದರೆ ಮೊದಲು ಈ ಅಂಚುಗಳನ್ನು ಓದಬೇಕು. ಇದನ್ನು ಚೆನ್ನಾಗಿ ನೆನಪಿಡಿ.

ಸಾಲುಗಳನ್ನು ನಿಲ್ಲಿಸುವ ಬಗೆ

ಅಧ್ಯಾಪಕರಿಗೆ 1ರಿಂದ 4ರ ವರೆಗಿನ ಅಡ್ಡಸಾಲುಗಳು ಯಾವಾಗಲೂ ಮೇಲೆ ಕಾಣುತ್ತಿರಬೇಕು. ಕ್ರಮಸಂಖ್ಯೆ ಮತ್ತು ಹೆಸರು ಯಾವಾಗಲೂ ಎಡಕ್ಕೆ ಕಾಣುತ್ತಿರಬೇಕು. ಅದಕ್ಕಾಗಿ ಅವರು C5 ಎಂಬ ಸೆಲ್‌ನ ಮೇಲೆ ಕ್ಲಿಕ್ ಮಾಡುತ್ತಾರೆ. ಸೆಲ್ ಎಂದರೆ ಅಡ್ಡಸಾಲೂ ಕಂಬಸಾಲೂ ಸೇರುವ ಚೌಕ. ಬಳಿಕ `View` ಮೆನುವನ್ನು ತೆರೆದು `Freeze Rows and Columns` ಎಂಬುದನ್ನು ಒತ್ತುತ್ತಾರೆ.

ಏಕೆ C5? ಕ್ಯಾಲ್ಕ್‌ನ ನಿಯಮ ಸರಳವಾಗಿದೆ. ನೀವು ಆರಿಸಿದ ಸೆಲ್‌ಗಿಂತ ಮೇಲಿರುವ ಸಾಲುಗಳು ನಿಲ್ಲುತ್ತವೆ. ಆ ಸೆಲ್‌ಗಿಂತ ಎಡಕ್ಕಿರುವ ಸಾಲುಗಳು ನಿಲ್ಲುತ್ತವೆ. ಆರಿಸಿದ ಸೆಲ್ ಮಾತ್ರ ನಿಲ್ಲುವುದಿಲ್ಲ. ಅದು ಚಲಿಸುವ ಭಾಗದ ಮೊದಲ ಸೆಲ್. C5ರ ಮೇಲೆ 1, 2, 3, 4ನೆಯ ಅಡ್ಡಸಾಲುಗಳಿವೆ. ಅದರ ಎಡಕ್ಕೆ A, B ಕಂಬಸಾಲುಗಳಿವೆ. ಅವೇ ನಿಂತವು. ನಿಂತ ಭಾಗಕ್ಕೂ ಚಲಿಸುವ ಭಾಗಕ್ಕೂ ನಡುವೆ ಒಂದು ಸಣ್ಣ ಗೆರೆ ಕಾಣುತ್ತದೆ. ಈ ಗೆರೆಯನ್ನು ಗುರುತಿಸಲು ಕಲಿಯಿರಿ.

ಈಗ ಪಟ್ಟಿಯನ್ನು ಸರಿಸಿದರೆ ಎಡ ಅಂಚಿನಲ್ಲಿ 1, 2, 3, 4 ಹಾಗೆಯೇ ಇರುತ್ತವೆ. ಅವುಗಳ ಕೆಳಗೆ 31, 32, 33 ಬರಬಹುದು. ಇನ್ನೂ ಸರಿಸಿದರೆ 50, 51, 52 ಬರಬಹುದು. 4ರಿಂದ ಒಮ್ಮೆಲೇ 31ಕ್ಕೆ ಹಾರಿದ್ದನ್ನು ಕಂಡು ಗಾಬರಿಪಡಬೇಡಿ. ನಡುವಿನ ಸಾಲುಗಳು ಗೆರೆಯ ಹಿಂದೆ ಸರಿದಿವೆ, ಅಷ್ಟೆ.

ತಪ್ಪಾದ ಸಾಲುಗಳು ನಿಲ್ಲುವುದೇಕೆ?

ನಿಯಮ ಸರಳವಾಗಿದ್ದರೂ ಇಲ್ಲಿ ಮೂರು ಬಗೆಯ ಎಡವಟ್ಟುಗಳು ಆಗುತ್ತವೆ. ಒಂದೊಂದನ್ನೇ ನೋಡೋಣ.

ಮೊದಲನೆಯದು ಒಂದು ಸಾಲಿನ ವ್ಯತ್ಯಾಸ. ತಲೆಬರಹ 4ನೆಯ ಸಾಲಿನಲ್ಲಿದೆ ತಾನೇ? ಹಾಗಾದರೆ 4ನೆಯ ಸಾಲಿನ ಮೇಲೆಯೇ ಕ್ಲಿಕ್ ಮಾಡಿ ಫ್ರೀಜ್ ಮಾಡೋಣ ಎಂದು ಹಲವರು ಎಣಿಸುತ್ತಾರೆ. ಆಗ ಅದರ ಮೇಲಿನ 1, 2, 3 ಮಾತ್ರ ನಿಲ್ಲುತ್ತವೆ. ಶಾಲೆಯ ಹೆಸರು, ದಿನಾಂಕ, ಸಮಯ ಇವೆಲ್ಲ ಕಾಣುತ್ತವೆ. ಆದರೆ ಬೇಕಾದ ತಲೆಬರಹವೇ ಸರಿದುಹೋಗುತ್ತದೆ. ತಲೆಬರಹವನ್ನು ನಿಲ್ಲಿಸಬೇಕಾದರೆ ಅದರ ಕೆಳಗಿನ ಸಾಲಿನ ಮೇಲೆ ಕ್ಲಿಕ್ ಮಾಡಬೇಕು.

ಎರಡನೆಯದು ತೀರಾ ಕೆಳಗಿನ ಸೆಲ್ ಅನ್ನು ಆರಿಸುವುದು. 28ನೆಯ ಸಾಲಿನಲ್ಲಿ ಏನನ್ನೋ ತಿದ್ದುತ್ತಿದ್ದವರು ಹಾಗೆಯೇ ಫ್ರೀಜ್ ಒತ್ತಿದರೆ ಮೇಲಿನ 27 ಸಾಲುಗಳೂ ನಿಂತುಬಿಡುತ್ತವೆ. ಪರದೆಯಲ್ಲಿ 30 ಸಾಲುಗಳಿಗೆ ಮಾತ್ರ ಜಾಗವಿದ್ದರೆ, ಉಳಿದ 3 ಸಾಲುಗಳ ಜಾಗದಲ್ಲಿ ಮಾತ್ರ ಪಟ್ಟಿ ಚಲಿಸುತ್ತದೆ. ನೋಡುವವರಿಗೆ ಕಂಪ್ಯೂಟರ್ ಕೆಟ್ಟುಹೋಯಿತೋ ಎನಿಸುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ಗೆರೆ ಎಲ್ಲಿದೆ ಎಂದು ನೋಡಿದರೆ ಸಾಕು, ಅದು ಪರದೆಯ ಬುಡದಲ್ಲಿ ಇರುವುದು ತಿಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಗೊಂದಲ ಉಂಟುಮಾಡುವಂಥದು. ಪಟ್ಟಿಯನ್ನು ಸ್ವಲ್ಪ ಸರಿಸಿದ ಮೇಲೆ ಫ್ರೀಜ್ ಮಾಡಿದರೆ ಏನಾಗುತ್ತದೆ? ಅಧ್ಯಾಪಕರು ಪಟ್ಟಿಯನ್ನು ಸರಿಸಿದ್ದರಿಂದ ಪರದೆಯ ಮೇಲ್ತುದಿಯಲ್ಲಿ 10ನೆಯ ಸಾಲು ಇದೆ ಎಂದುಕೊಳ್ಳಿ. ಅಲ್ಲಿಂದ ನಾಲ್ಕು ಸಾಲು ಎಣಿಸಿ, C14ರ ಮೇಲೆ ಕ್ಲಿಕ್ ಮಾಡಿ ಅವರು ಫ್ರೀಜ್ ಒತ್ತುತ್ತಾರೆ. ಕ್ಯಾಲ್ಕ್ ಆಗ ಪರದೆಯಲ್ಲಿ ಕಾಣುತ್ತಿದ್ದ ಮೊದಲ ಸಾಲಿನಿಂದ ಹಿಡಿದು, ಆರಿಸಿದ ಸೆಲ್‌ನ ಮೇಲಿನ ಸಾಲಿನವರೆಗೆ ನಿಲ್ಲಿಸುತ್ತದೆ. ಎಂದರೆ 10, 11, 12, 13ನೆಯ ಸಾಲುಗಳು ನಿಲ್ಲುತ್ತವೆ. ಅವು ತಲೆಬರಹಗಳಲ್ಲ. ಕ್ರಮಸಂಖ್ಯೆ 6, 7, 8, 9ರ ಮಕ್ಕಳ ಹೆಸರುಗಳು!

ಇನ್ನೂ ಒಂದು ಸಂಗತಿ ಇದೆ. ಈಗ 1ರಿಂದ 9ರ ವರೆಗಿನ ಸಾಲುಗಳು ಎಷ್ಟು ಸರಿಸಿದರೂ ಮೇಲಿನಿಂದ ಇಳಿದು ಬರುವುದಿಲ್ಲ. ಶಾಲೆಯ ಹೆಸರಿಲ್ಲ, ತಲೆಬರಹವಿಲ್ಲ, ಮೊದಲ ಐದು ಮಕ್ಕಳೂ ಇಲ್ಲ. ಯಾರೋ ಅಳಿಸಿಬಿಟ್ಟರು ಎಂದು ಎಣಿಸಿ ಅವನ್ನೆಲ್ಲ ಮತ್ತೆ ಬರೆಯತೊಡಗಿದರೆ ಪಟ್ಟಿಯಲ್ಲಿ ಐದು ಹೆಸರುಗಳು ಎರಡೆರಡು ಸಲ ಸೇರುತ್ತವೆ. ಬರೆಯುವ ಮೊದಲು ಎಡ ಅಂಚನ್ನು ಓದಬೇಕು. ಅಲ್ಲಿ ಮೊದಲ ಸಂಖ್ಯೆ 1 ಅಲ್ಲ, 10. ಅಳಿಸಿಹೋದ ಸಾಲಾದರೆ ಮೊದಲ ಸಂಖ್ಯೆ 1 ಆಗಿಯೇ ಇರುತ್ತಿತ್ತು. ಆದ್ದರಿಂದ ಮೇಲಿನ ಒಂಬತ್ತು ಸಾಲುಗಳು ಮರೆಯಲ್ಲಿ ಸುರಕ್ಷಿತವಾಗಿವೆ ಎಂದು ಅರ್ಥ.

ಈ ಮೂರಕ್ಕೂ ಪರಿಹಾರ ಒಂದೇ. `View` ಮೆನುವಿನಲ್ಲಿ `Freeze Rows and Columns` ಎಂಬುದನ್ನು ಇನ್ನೊಮ್ಮೆ ಒತ್ತಿರಿ. ಲೈಟಿನ ಸ್ವಿಚ್ಚಿನಂತೆ, ಒಮ್ಮೆ ಒತ್ತಿದರೆ ನಿಲ್ಲಿಸುತ್ತದೆ, ಮತ್ತೊಮ್ಮೆ ಒತ್ತಿದರೆ ಬಿಡಿಸುತ್ತದೆ. ಬಿಡಿಸಿದ ಮೇಲೆ ಪಟ್ಟಿಯನ್ನು ತುತ್ತತುದಿಗೆ ತನ್ನಿರಿ. `Ctrl` ಮತ್ತು `Home` ಕೀಲಿಗಳನ್ನು ಒಟ್ಟಿಗೆ ಒತ್ತಿದರೆ A1 ಸೆಲ್‌ಗೆ ಬರುತ್ತೀರಿ. ಎಡ ಅಂಚಿನಲ್ಲಿ 1 ಕಾಣುತ್ತಿದೆಯೇ ಎಂದು ನೋಡಿ. ಕಂಡ ಮೇಲೆ C5ರ ಮೇಲೆ ಕ್ಲಿಕ್ ಮಾಡಿ ಮತ್ತೆ ಫ್ರೀಜ್ ಮಾಡಿರಿ.

ಮುಚ್ಚಿಟ್ಟ ಸಾಲುಗಳು

ಈಗ ಎರಡನೆಯ ಬಗೆಯನ್ನು ನೋಡೋಣ. ಪ್ರವಾಸದ ಪಟ್ಟಿಯನ್ನು ತಯಾರಿಸುವಾಗ ಮೂರು ಮಕ್ಕಳ ಒಪ್ಪಿಗೆ ಪತ್ರ ಇನ್ನೂ ಬಂದಿರಲಿಲ್ಲ. ಅವರು 24, 25, 26ನೆಯ ಸಾಲುಗಳಲ್ಲಿದ್ದಾರೆ. ಪತ್ರ ಬರುವ ತನಕ ಇರಲಿ ಎಂದು ಅಧ್ಯಾಪಕರು ಎಡ ಅಂಚಿನಲ್ಲಿ ಆ ಮೂರು ಸಂಖ್ಯೆಗಳನ್ನು ಆರಿಸಿ, ಮೌಸಿನ ಬಲಗುಂಡಿಯನ್ನು ಒತ್ತಿ `Hide Rows` ಎಂದರು. ಸಾಲುಗಳು ಅಳಿಯಲಿಲ್ಲ, ಮುಚ್ಚಿಕೊಂಡವು. ಎಡ ಅಂಚಿನಲ್ಲಿ 23ರ ಬಳಿಕ ನೇರವಾಗಿ 27 ಬಂತು.

ಎರಡು ದಿನ ಕಳೆದು ಮೂರು ಪತ್ರಗಳೂ ಬಂದವು. ಆದರೆ ಅಷ್ಟರಲ್ಲಿ ಪಟ್ಟಿ ಬೇರೊಬ್ಬ ಅಧ್ಯಾಪಿಕೆಯ ಕೈಸೇರಿತ್ತು. ಸಾಲುಗಳು ಮುಚ್ಚಿರುವ ವಿಷಯ ಅವರಿಗೆ ತಿಳಿದಿರಲಿಲ್ಲ. ಅವರು ಹಾಗೆಯೇ ಪ್ರಿಂಟ್ ತೆಗೆದರು.

ಇಲ್ಲಿ ಫ್ರೀಜ್‌ಗೂ ಹೈಡ್‌ಗೂ ಇರುವ ದೊಡ್ಡ ವ್ಯತ್ಯಾಸ ತಿಳಿಯುತ್ತದೆ. ಫ್ರೀಜ್ ಮಾಡುವುದು ಪರದೆಗೆ ಮಾತ್ರ ಸಂಬಂಧಿಸಿದ್ದು. ಪ್ರಿಂಟ್ ತೆಗೆಯುವಾಗ ಕ್ಯಾಲ್ಕ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲೆ ಹೇಳಿದ ಪಟ್ಟಿಯಲ್ಲಿ 1ರಿಂದ 9ರ ವರೆಗಿನ ಸಾಲುಗಳು ಪರದೆಯಲ್ಲಿ ಕಾಣದಿದ್ದರೂ ಕಾಗದದಲ್ಲಿ ಸರಿಯಾಗಿ ಬರುತ್ತವೆ. ಹೈಡ್ ಮಾಡಿದ ಸಾಲುಗಳಾದರೋ ಪರದೆಯಲ್ಲಿಯೂ ಇರುವುದಿಲ್ಲ, ಕಾಗದದಲ್ಲಿಯೂ ಬರುವುದಿಲ್ಲ.

ಆದ್ದರಿಂದ ಅಧ್ಯಾಪಿಕೆಯ ಕೈಯ ಕಾಗದದಲ್ಲಿ 64 ಹೆಸರುಗಳ ಬದಲು 61 ಹೆಸರುಗಳಿದ್ದವು. ಆದರೆ ಕೊನೆಯ ಸಾಲಿನಲ್ಲಿ ಮಾತ್ರ ಒಟ್ಟು ಮಕ್ಕಳು 64 ಎಂದೇ ಇತ್ತು! ಇದು ಹೇಗೆ?

69ನೆಯ ಸಾಲಿನಲ್ಲಿ ಅಧ್ಯಾಪಕರು ಈ ಸೂತ್ರವನ್ನು ಬರೆದಿದ್ದರು.

```
=COUNTA(B5:B68)
```

B5ರಿಂದ B68ರ ವರೆಗೆ ಬರವಣಿಗೆ ಇರುವ ಸೆಲ್‌ಗಳು ಎಷ್ಟು ಎಂದು ಈ ಸೂತ್ರ ಎಣಿಸುತ್ತದೆ. ಸಾಲು ತೆರೆದಿದೆಯೋ ಮುಚ್ಚಿದೆಯೋ ಎಂದು ಅದು ನೋಡುವುದಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಇರುವ ಮಾವಿನಹಣ್ಣನ್ನೂ ಸೇರಿಸಿ ಎಣಿಸಿದ ಹಾಗೆ. ಕೂಡಿಸುವ `SUM` ಕೂಡ ಹೀಗೆಯೇ ಮಾಡುತ್ತದೆ. ಆದ್ದರಿಂದ ಕಾಗದದ ಕೆಳಗಿರುವ ಮೊತ್ತವೂ ಮೇಲೆ ಕಾಣುವ ಸಾಲುಗಳೂ ತಾಳೆಯಾಗದೆ ಹೋಗಬಹುದು.

ಮೂರು ಹೆಸರುಗಳು ಬಿಟ್ಟುಹೋದರೆ ಏನು ಮಹಾ ಎಂದು ಎಣಿಸಬೇಡಿ. ಸಂಜೆ ಕೋಟೆಯಿಂದ ಹೊರಡುವಾಗ ಅಧ್ಯಾಪಿಕೆ ಬಸ್ಸಿನ ಬಾಗಿಲಲ್ಲಿ ನಿಂತು ಇದೇ ಕಾಗದವನ್ನು ನೋಡಿ ಹೆಸರು ಕರೆಯುತ್ತಾರೆ. ಕರೆದ 61 ಮಕ್ಕಳೂ "ಇದ್ದೇನೆ ಟೀಚರ್" ಎನ್ನುತ್ತಾರೆ. ಕಾಗದದಲ್ಲಿ ಇಲ್ಲದ ಮಗುವನ್ನು ಯಾರೂ ಕರೆಯುವುದಿಲ್ಲ. ಆ ಮಗು ಕಡಲ ಬದಿಯ ಬುರುಜಿನ ಮೇಲೆ ಇನ್ನೂ ನಿಂತಿದ್ದರೆ ಅದು ತಿಳಿಯುವುದಾದರೂ ಹೇಗೆ?

ಕಾಗದವನ್ನು ಪರೀಕ್ಷಿಸುವ ಬಗೆ

ಪರದೆಯ ಎಡ ಅಂಚಿನಲ್ಲಿರುವ ಸಾಲುಸಂಖ್ಯೆಗಳು ಸಾಮಾನ್ಯವಾಗಿ ಕಾಗದದ ಮೇಲೆ ಬರುವುದಿಲ್ಲ. ಆದ್ದರಿಂದ ಕಾಗದದಲ್ಲಿ ಬೇರೊಂದು ಸಾಕ್ಷಿ ಬೇಕು. ಅದೇ A ಕಂಬಸಾಲಿನ ಕ್ರಮಸಂಖ್ಯೆ. ಮೊದಲ ಮಗು 5ನೆಯ ಸಾಲಿನಲ್ಲಿರುವುದರಿಂದ ಸಾಲುಸಂಖ್ಯೆಯಿಂದ 4ನ್ನು ಕಳೆದರೆ ಕ್ರಮಸಂಖ್ಯೆ ಸಿಗುತ್ತದೆ. 24, 25, 26ನೆಯ ಸಾಲುಗಳ ಕ್ರಮಸಂಖ್ಯೆ 20, 21, 22. ಕಾಗದದಲ್ಲಿ 19ರ ಕೆಳಗೆ 23 ಇದ್ದರೆ ನಡುವೆ ಮೂವರು ಬಿಟ್ಟುಹೋಗಿದ್ದಾರೆ ಎಂದು ಕೂಡಲೇ ಹೇಳಬಹುದು. ಪಟ್ಟಿಗೆ ಕ್ರಮಸಂಖ್ಯೆ ಹಾಕಬೇಕು ಎಂದು ಹಿರಿಯರು ಹೇಳುವುದು ಚೆಂದಕ್ಕಾಗಿ ಮಾತ್ರ ಅಲ್ಲ.

ಇನ್ನೊಂದು ಉಪಾಯವೂ ಇದೆ. ಒಟ್ಟು ಸಂಖ್ಯೆಯ ಕೆಳಗೆ, B70ರಲ್ಲಿ ಈ ಸೂತ್ರವನ್ನು ಬರೆಯಿರಿ.

```
=SUBTOTAL(103,B5:B68)
```

ಇದು ಕೂಡ ಹೆಸರುಗಳನ್ನು ಎಣಿಸುತ್ತದೆ. ಆದರೆ 103 ಎಂಬ ಅಂಕಿ ಇರುವುದರಿಂದ ಮುಚ್ಚಿಟ್ಟ ಸಾಲುಗಳನ್ನು ಬಿಟ್ಟು, ತೆರೆದಿರುವುದನ್ನು ಮಾತ್ರ ಎಣಿಸುತ್ತದೆ. ನಮ್ಮ ಪಟ್ಟಿಯಲ್ಲಿ B69 ಸೆಲ್ 64 ಎಂದೂ B70 ಸೆಲ್ 61 ಎಂದೂ ತೋರಿಸುತ್ತದೆ. ಎರಡೂ ಸಮವಾಗಿದ್ದರೆ ಯಾವ ಹೆಸರೂ ಮುಚ್ಚಿಲ್ಲ. ಸಮವಾಗಿಲ್ಲದಿದ್ದರೆ ವ್ಯತ್ಯಾಸ ಎಷ್ಟೋ ಅಷ್ಟು ಹೆಸರುಗಳು ಮುಚ್ಚಿವೆ.

ಮುಚ್ಚಿದ್ದನ್ನು ತೆರೆಯುವುದು ಹೇಗೆ? 24ನ್ನು ಆರಿಸೋಣವೆಂದರೆ ಅದು ಕಾಣುವುದೇ ಇಲ್ಲ. ಆದ್ದರಿಂದ ಅದರ ಎರಡು ಬದಿಯ ನೆರೆಯವರನ್ನು ಹಿಡಿಯಬೇಕು. ಎಡ ಅಂಚಿನಲ್ಲಿ 23ರ ಮೇಲೆ ಮೌಸ್ ಒತ್ತಿಹಿಡಿದು 27ರ ವರೆಗೆ ಎಳೆಯಿರಿ. ನಡುವೆ ಮುಚ್ಚಿದವುಗಳೂ ಅದರಲ್ಲಿ ಸೇರುತ್ತವೆ. ಬಲಗುಂಡಿ ಒತ್ತಿ `Show Rows` ಎನ್ನಿರಿ. 24, 25, 26 ಮರಳಿ ಬರುತ್ತವೆ. ಎಲ್ಲೆಲ್ಲಿ ಮುಚ್ಚಿದೆ ಎಂದು ತಿಳಿಯದಿದ್ದರೆ `Ctrl` ಮತ್ತು `A` ಒತ್ತಿ ಇಡೀ ಹಾಳೆಯನ್ನು ಆರಿಸಿರಿ. ಬಳಿಕ `Format` ಮೆನುವಿನಲ್ಲಿ `Rows`, ಅದರಲ್ಲಿ `Show` ಒತ್ತಿದರೆ ಹೈಡ್ ಮಾಡಿದ ಅಡ್ಡಸಾಲುಗಳೆಲ್ಲ ತೆರೆದುಕೊಳ್ಳುತ್ತವೆ.

ಫೋನ್ ನಂಬರಿನ ಕಂಬಸಾಲು

ಸಾಲುಗಳನ್ನು ಮುಚ್ಚುವುದು ಯಾವಾಗಲೂ ಕೆಟ್ಟದ್ದಲ್ಲ. ಪ್ರವಾಸದ ಪಟ್ಟಿಯನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು ಎಂದುಕೊಳ್ಳಿ. ಹೆತ್ತವರ ಫೋನ್ ನಂಬರುಗಳನ್ನು ದಾರಿಹೋಕರೆಲ್ಲ ಓದುವಂತೆ ಅಂಟಿಸುವುದು ಸರಿಯಲ್ಲ. ಆದ್ದರಿಂದ ಮೇಲಿನ ಅಂಚಿನಲ್ಲಿ D ಅಕ್ಷರದ ಮೇಲೆ ಬಲಗುಂಡಿ ಒತ್ತಿ `Hide Columns` ಎಂದರೆ ಸಾಕು. ಪ್ರಿಂಟಿನಲ್ಲಿ ನಂಬರುಗಳು ಬರುವುದಿಲ್ಲ.

ಆದರೆ ಮರುದಿನ ಬಸ್ಸಿಗಾಗಿ ಅದೇ ಹಾಳೆಯನ್ನು ಪ್ರಿಂಟ್ ಮಾಡಿದರೆ ಅದರಲ್ಲಿಯೂ ನಂಬರುಗಳು ಇರುವುದಿಲ್ಲ. ಸೀತಾಂಗೋಳಿಯಲ್ಲಿ ಒಂದು ಮಗು ಬಾರದಿದ್ದರೆ ಮನೆಗೆ ಫೋನ್ ಮಾಡಲು ನಂಬರೇ ಇಲ್ಲ! ಪ್ರಿಂಟ್ ಮಾಡುವ ಮೊದಲು ಮೇಲಿನ ಅಂಚನ್ನು ಓದಬೇಕು. A, B, C ಆದ ಮೇಲೆ E ಬಂದರೆ D ಮುಚ್ಚಿದೆ. C ಯಿಂದ E ಯವರೆಗೆ ಎಳೆದು ಆರಿಸಿ `Show Columns` ಎನ್ನಬೇಕು.

ಇನ್ನೊಂದು ಎಚ್ಚರಿಕೆ ಬೇಕು. ಮುಚ್ಚುವುದು ಎಂದರೆ ಬೀಗ ಹಾಕುವುದಲ್ಲ. ಕಾಗದದಲ್ಲಿ ಫೋನ್ ನಂಬರ್ ಇರುವುದಿಲ್ಲ, ನಿಜ. ಆದರೆ ಫೈಲನ್ನೇ ಬೇರೆಯವರಿಗೆ ಕಳುಹಿಸಿದರೆ ಅವರು `Show Columns` ಒತ್ತಿ ಎಲ್ಲ ನಂಬರುಗಳನ್ನೂ ಓದಬಹುದು. ಅಂಥ ಸಂದರ್ಭದಲ್ಲಿ ಫೈಲಿನ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ D ಕಂಬಸಾಲನ್ನು ಪೂರ್ತಿ ಅಳಿಸಿ ಕಳುಹಿಸಬೇಕು.

ಎರಡನೆಯ ಪುಟದ ತಲೆಬರಹ

ನಮ್ಮ ಪಟ್ಟಿ ಉದ್ದವಾಗಿರುವುದರಿಂದ ಕಾಗದದಲ್ಲಿ ಎರಡು ಪುಟವಾಗುತ್ತದೆ. ತಲೆಬರಹವನ್ನು ಫ್ರೀಜ್ ಮಾಡಿದ್ದೇವಲ್ಲ, ಎರಡನೆಯ ಪುಟದಲ್ಲಿಯೂ ಅದು ತಾನಾಗಿ ಬರುತ್ತದೆ ಎಂದು ಹಲವರು ಎಣಿಸುತ್ತಾರೆ. ಬರುವುದಿಲ್ಲ. ಫ್ರೀಜ್ ಪರದೆಗೆ ಮಾತ್ರ ಎಂದು ಆಗಲೇ ಓದಿದಿರಿ. ಕಾಗದಕ್ಕೆ ಬೇರೆಯೇ ಏರ್ಪಾಡು ಬೇಕು.

`Format` ಮೆನುವಿನಲ್ಲಿ `Print Ranges`, ಅದರಲ್ಲಿ `Edit` ಒತ್ತಿರಿ. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ `Rows to Repeat` ಎಂಬ ಭಾಗವಿದೆ. ಪುಟಪುಟಕ್ಕೂ ಮತ್ತೆ ಬರಬೇಕಾದ ಸಾಲು ಯಾವುದು ಎಂದು ಅದು ಕೇಳುತ್ತದೆ. ಅದರ ಚೌಕದಲ್ಲಿ ಹೀಗೆ ಬರೆಯಿರಿ.

```
$4
```

ಈಗ ಮೊದಲ ಪುಟದಲ್ಲಿ ಶಾಲೆಯ ಹೆಸರಿನಿಂದ ಹಿಡಿದು ಎಲ್ಲವೂ ಬರುತ್ತದೆ. ಎರಡನೆಯ ಪುಟದ ಮೇಲ್ತುದಿಯಲ್ಲಿ 4ನೆಯ ಸಾಲು, ಎಂದರೆ ತಲೆಬರಹ, ಮತ್ತೊಮ್ಮೆ ಬರುತ್ತದೆ.

ಕಾಗದ ಹಾಳಾಗುವ ಮೊದಲು `File` ಮೆನುವಿನಲ್ಲಿ `Print Preview` ನೋಡುವುದು ಒಳ್ಳೆಯದು. ಕಾಗದದಲ್ಲಿ ಏನು ಬರುತ್ತದೋ ಅದೇ ಅಲ್ಲಿ ಕಾಣುತ್ತದೆ. ಸಾಲುಗಳು ಮರೆಯಾಗಿರುವ ಕಾರಣವನ್ನು ಹುಡುಕಲು ಕೂಡ ಇದು ನೆರವಾಗುತ್ತದೆ. ಪರದೆಯಲ್ಲಿ ಕಾಣದ ಸಾಲು ಪ್ರಿವ್ಯೂನಲ್ಲಿ ಕಂಡರೆ, ಅದನ್ನು ಮರೆಮಾಡಿದ್ದು ಫ್ರೀಜ್. ಫ್ರೀಜನ್ನು ಬಿಡಿಸಬೇಕು. ಪ್ರಿವ್ಯೂನಲ್ಲಿಯೂ ಕಾಣದಿದ್ದರೆ ಎಡ ಅಂಚನ್ನು ಓದಬೇಕು. ಅಲ್ಲಿ ಸಂಖ್ಯೆ ಹಾರಿದ್ದರೆ ಅದು ಹೈಡ್. ನೆರೆಯ ಸಾಲುಗಳನ್ನು ಆರಿಸಿ ತೆರೆಯಬೇಕು.

ಪರದೆಯಲ್ಲಿಯೇ ಗುರುತಿಸುವ ದಾರಿಯೂ ಇದೆ. ಎಡ ಅಂಚಿನಲ್ಲಿ ಸಂಖ್ಯೆಗಳು ಹಾರಿದ ಜಾಗವನ್ನು ನೋಡುತ್ತಾ ಪಟ್ಟಿಯನ್ನು ಸ್ವಲ್ಪ ಸರಿಸಿರಿ. 4ರ ಕೆಳಗೆ 31 ಇದ್ದದ್ದು ಸರಿಸಿದಾಗ 35 ಆದರೆ ಅದು ಫ್ರೀಜ್ ಗೆರೆಯಿಂದ ಆದ ಹಾರಾಟ. ಎಷ್ಟು ಸರಿಸಿದರೂ 23ರ ಕೆಳಗೆ 27 ಹಾಗೆಯೇ ಇದ್ದರೆ ಆ ನಡುವೆ ಸಾಲುಗಳು ಮುಚ್ಚಿವೆ.

ನೆನಪಿಡಿ

ಫ್ರೀಜ್ ಮಾಡಿದರೆ ಪರದೆಯ ನೋಟ ಬದಲಾಗುತ್ತದೆ, ಕಾಗದ ಬದಲಾಗುವುದಿಲ್ಲ. ಹೈಡ್ ಮಾಡಿದರೆ ಪರದೆಯೂ ಕಾಗದವೂ ಬದಲಾಗುತ್ತವೆ. `SUM`, `COUNTA` ಸೂತ್ರಗಳ ಉತ್ತರ ಮಾತ್ರ ಎರಡರಿಂದಲೂ ಬದಲಾಗುವುದಿಲ್ಲ.

ಹೊಸ ಪದಗಳು

ಅಡ್ಡಸಾಲು – ಎಡದಿಂದ ಬಲಕ್ಕೆ ಹೋಗುವ ಸಾಲು
ಕಂಬಸಾಲು – ಮೇಲಿನಿಂದ ಕೆಳಗೆ ಹೋಗುವ ಸಾಲು
ತಾಳೆಯಾಗು – ಒಂದಕ್ಕೊಂದು ಸರಿಹೊಂದು
ಬುರುಜು – ಕೋಟೆಯ ಗೋಡೆಯಲ್ಲಿ ಮುಂಚಾಚಿದ ಕಾವಲಿನ ಜಾಗ
ಸಾಕ್ಷಿ – ನಡೆದುದನ್ನು ತಿಳಿಸುವ ಆಧಾರ

ಅಭ್ಯಾಸ

1. ಒಂದು ಪಟ್ಟಿಯ ತಲೆಬರಹ 2ನೆಯ ಅಡ್ಡಸಾಲಿನಲ್ಲಿದೆ. ಹೆಸರುಗಳು A ಕಂಬಸಾಲಿನಲ್ಲಿವೆ. ತಲೆಬರಹವೂ ಹೆಸರೂ ಯಾವಾಗಲೂ ಕಾಣಬೇಕಾದರೆ ಯಾವ ಸೆಲ್‌ನ ಮೇಲೆ ಕ್ಲಿಕ್ ಮಾಡಿ ಫ್ರೀಜ್ ಮಾಡಬೇಕು? ಕಾರಣ ತಿಳಿಸಿ.

2. ಎಡ ಅಂಚಿನ ಸಂಖ್ಯೆಗಳು 1, 2, 3, 4, 5, 9, 10, 11 ಎಂದಿವೆ. ಪಟ್ಟಿಯನ್ನು ಫ್ರೀಜ್ ಮಾಡಿಲ್ಲ. ಎಷ್ಟು ಸಾಲುಗಳು ಮುಚ್ಚಿವೆ? ಅವನ್ನು ತೆರೆಯಲು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಆರಿಸುವಿರಿ?

3. ಎಡ ಅಂಚಿನ ಸಂಖ್ಯೆಗಳು 7, 8, 31, 32 ಎಂದಿವೆ. 8ರ ಕೆಳಗೆ ಗೆರೆ ಇದೆ. ಫ್ರೀಜ್ ಮಾಡುವಾಗ ಪರದೆಯ ಮೇಲ್ತುದಿಯಲ್ಲಿ ಯಾವ ಸಾಲು ಇತ್ತು? 1ರಿಂದ 6ರ ವರೆಗಿನ ಸಾಲುಗಳು ಪ್ರಿಂಟಿನಲ್ಲಿ ಬರುತ್ತವೆಯೇ?

4. ಒಂದು ಕಾಗದದಲ್ಲಿ ಒಟ್ಟು ಪುಸ್ತಕಗಳು 40 ಎಂದಿದೆ. ಎಣಿಸಿದರೆ 38 ಹೆಸರುಗಳು ಮಾತ್ರ ಇವೆ. ಇದಕ್ಕೆ ಕಾರಣ ಏನಿರಬಹುದು? ಅದನ್ನು ಹೇಗೆ ಖಚಿತಪಡಿಸುವಿರಿ?

ಮಾಡಿ ನೋಡಿ

ನಿಮ್ಮ ಶಾಲೆಯ ಗ್ರಂಥಾಲಯದ 50 ಪುಸ್ತಕಗಳ ಪಟ್ಟಿಯನ್ನು ಕ್ಯಾಲ್ಕ್‌ನಲ್ಲಿ ಬರೆಯಿರಿ. ಕ್ರಮಸಂಖ್ಯೆ ಹಾಕಲು ಮರೆಯಬೇಡಿ. ನಿಮ್ಮ ಜೊತೆಗಾರರು ಅದರಲ್ಲಿ ತಮಗೆ ಬೇಕಾದ ಎರಡು ಅಡ್ಡಸಾಲುಗಳನ್ನು ಮುಚ್ಚಲಿ ಅಥವಾ ಬೇಡದ ಕಡೆ ಫ್ರೀಜ್ ಮಾಡಲಿ. ಅಂಚುಗಳನ್ನು ಮಾತ್ರ ಓದಿ, ಅವರು ಮಾಡಿದ್ದು ಯಾವುದು ಎಂದು ಹೇಳಿರಿ. ಬಳಿಕ `Print Preview` ತೆರೆದು ನಿಮ್ಮ ಉತ್ತರ ಸರಿಯೇ ಎಂದು ನೋಡಿರಿ.